ಬಿಲ್ಲಿನಲ್ಲಿ ಒಂಬತ್ತು ಮತ್ತು ಒಂಬತ್ತು

ಅಂಗಡಿಯಿಂದ ವಾಟ್ಸ್‌ಆ್ಯಪ್‌ಗೆ ಬಂದ ಬಿಲ್ಲಿನಲ್ಲಿ ಹೆಚ್ಚಿನವರು ನೋಡುವುದು ಕೊನೆಯ ಸಾಲನ್ನು ಮಾತ್ರ. ಅದರ ಮೇಲಿನ ಎರಡು ಸಾಲುಗಳಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಣ್ಣಿಗೆ ಬಿದ್ದಾಗ ಕೆಲವರಿಗೆ ಅನುಮಾನ ಹುಟ್ಟುತ್ತದೆ: ಒಂದೇ ಸಾಮಾನಿಗೆ ಎರಡು ಸಲ ತೆರಿಗೆಯೇ? ಅಲ್ಲ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ ರಾಜ್ಯದೊಳಗಿನ ಮಾರಾಟದ ತೆರಿಗೆ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಶೇ. 18ರ ಸಾಮಾನಿಗೆ 9 ಮತ್ತು 9, ಶೇ. 5ರದ್ದಕ್ಕೆ ಎರಡೂವರೆ ಮತ್ತು ಎರಡೂವರೆ. ಎರಡೂ ಸಾಲಿನ ಮೊತ್ತ ಒಂದೇ ಆಗಿರಬೇಕು. ಪೈಸೆಯ ವ್ಯತ್ಯಾಸ ಬಿಟ್ಟು ಬೇರೆ ಅಂತರ ಕಂಡರೆ ಬಿಲ್ಲಿನಲ್ಲೇ ಏನೋ ಎಡವಟ್ಟಾಗಿದೆ ಎಂದರ್ಥ.

ದಾವಣಗೆರೆಯ ಅಂಗಡಿಯೊಂದರಲ್ಲಿ ಗ್ರಾಹಕರೊಬ್ಬರು 3,540 ರೂಪಾಯಿಯ ಮಿಕ್ಸರ್, ಜತೆಗೆ 210 ರೂಪಾಯಿಯ ಶಾಂಪೂ ಕೊಂಡರು ಎಂದಿಟ್ಟುಕೊಳ್ಳಿ. ಎರಡೂ ತೆರಿಗೆ ಸೇರಿದ ಬೆಲೆಗಳೇ. ಮಿಕ್ಸರಿಗೆ ಶೇ. 18 ತೆರಿಗೆ ಎಂದು ತಿಳಿದವರು ತಕ್ಷಣ 3,540ರ ಶೇ. 18 ಲೆಕ್ಕ ಹಾಕುತ್ತಾರೆ. 637 ರೂಪಾಯಿ 20 ಪೈಸೆ ಬರುತ್ತದೆ. ಬಿಲ್ಲಿನಲ್ಲಿ ಇರುವುದು 270 ಮತ್ತು 270, ಅಂದರೆ 540. ಅಂಗಡಿಯವನು ಸರ್ಕಾರಕ್ಕೆ ಟೋಪಿ ಹಾಕಿದನೇ?

ಇಲ್ಲ, ಎಡವಿದ್ದು ಲೆಕ್ಕ ಹಾಕಿದವರು. ತೆರಿಗೆ ಕೂಡುವುದು ಮೂಲ ಬೆಲೆಯ ಮೇಲೆ, ಒಟ್ಟು ಬೆಲೆಯ ಮೇಲಲ್ಲ. ಮೂಲ ಬೆಲೆ 100 ಇದ್ದರೆ ಒಟ್ಟು 118 ಆಗುತ್ತದೆ. ಹಾಗಾಗಿ ಒಟ್ಟು ಬೆಲೆಯಿಂದ ಹಿಂದಕ್ಕೆ ಬರಲು 118ರಿಂದ ಭಾಗಿಸಿ 100ರಿಂದ ಗುಣಿಸಬೇಕು.

```
3540 × 100 ÷ 118 = 3000
3000 × 9 ÷ 100 = 270
210 × 100 ÷ 105 = 200
200 × 2.5 ÷ 100 = 5
```

ಬಿಲ್ಲಿನ ಕೆಳಗೆ ತೆರಿಗೆಗೆ ಒಳಪಟ್ಟ ಮೌಲ್ಯ 3,200, ಸಿಜಿಎಸ್‌ಟಿ 275, ಎಸ್‌ಜಿಎಸ್‌ಟಿ 275, ಒಟ್ಟು 3,750 ಎಂದು ಬರುತ್ತದೆ. 3,200ಕ್ಕೆ ಶೇ. 9ರಂತೆ 288 ಆಗಬೇಕಲ್ಲ ಎಂದು ತಕರಾರು ತೆಗೆಯುವಂತಿಲ್ಲ. ಎರಡು ದರದ ಸಾಮಾನು ಒಂದೇ ಬಿಲ್ಲಿನಲ್ಲಿದೆ. ದರ ಬೇರೆಯಾದರೆ ಲೆಕ್ಕವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಇಲ್ಲಿ ನಿಜಕ್ಕೂ ಗಮನಿಸಬೇಕಾದದ್ದು ಶಾಂಪೂವಿನ ದರ. 2025ರ ಸೆಪ್ಟೆಂಬರ್ 22ರವರೆಗೆ ಅದಕ್ಕೆ ಶೇ. 18 ಇತ್ತು, ಅಂದಿನಿಂದ ಶೇ. 5. ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಮೈಸೋಪಿಗೂ ಇದೇ ಬದಲಾವಣೆ. ಆ ದಿನದ ನಂತರದ ಬಿಲ್ಲಿನಲ್ಲಿ ಶಾಂಪೂವಿನ ಎದುರು 9 ಮತ್ತು 9 ಕಂಡರೆ ಅಂಗಡಿಯ ಸಾಫ್ಟ್‌ವೇರಿನಲ್ಲಿ ಹಳೆಯ ದರವೇ ಉಳಿದಿದೆ.

ಹಣ ಸೋರುವ ಇನ್ನೊಂದು ಜಾಗ ಡಿಸ್ಕೌಂಟ್. ಅದೇ ಮಿಕ್ಸರಿಗೆ ಬೋರ್ಡಿನಲ್ಲಿ ಶೇ. 10 ಕಡಿತ ಎಂದಿದ್ದರೆ ಗ್ರಾಹಕರು ಕೊಡಬೇಕಾದ್ದು 3,186. ಬಿಲ್ಲಿನಲ್ಲಿ ಮೂಲ ಬೆಲೆ 2,700ಕ್ಕೆ ಇಳಿದು, ತೆರಿಗೆ 243 ಮತ್ತು 243 ಎಂದು ಬರಬೇಕು. ಕೆಲವು ಬಿಲ್ಲುಗಳಲ್ಲಿ 3,000ದ ಮೇಲೆ ಪೂರ್ತಿ 540 ತೆರಿಗೆ ಹಾಕಿ, ಕೊನೆಗೆ 300 ಕಳೆದು, 3,240 ಎಂದು ತೋರಿಸಿರುತ್ತಾರೆ. ನೋಡಲು ಚೊಕ್ಕ, ಆದರೆ 54 ರೂಪಾಯಿ ಹೆಚ್ಚು. ಬಿಲ್ಲಿನಲ್ಲೇ ತೋರಿಸಿದ ಕಡಿತವನ್ನು ಮೊದಲು ಕಳೆದು, ಉಳಿದದ್ದರ ಮೇಲೆ ತೆರಿಗೆ ಹಾಕಬೇಕೆಂಬುದು ಕಾನೂನು. ಇನ್ನು ಎಂಆರ್‌ಪಿ ಎಲ್ಲ ತೆರಿಗೆಯನ್ನೂ ಒಳಗೊಂಡದ್ದು. ಅದರ ಮೇಲೆ ಮತ್ತೆ ಜಿಎಸ್‌ಟಿ ಕೂಡಿಸಿದರೆ ಆ ಬಿಲ್ಲನ್ನು ಒಪ್ಪಬೇಕಿಲ್ಲ.

ಎರಡು ಸಾಲಿನ ಬದಲು ಐಜಿಎಸ್‌ಟಿ ಶೇ. 18 ಎಂಬ ಒಂದೇ ಸಾಲಿದ್ದರೆ ಅದೂ ತಪ್ಪೆಂದೇನಲ್ಲ. ಮಾರುವವರು ಕರ್ನಾಟಕದಲ್ಲಿದ್ದು, ಬಿಲ್ಲಿನಲ್ಲಿ ಗ್ರಾಹಕರ ವಿಳಾಸ ಹೊಸೂರಿನದ್ದಾಗಿದ್ದರೆ ಹಾಗೆ ಬರುತ್ತದೆ. ಕೊಡುವ ಹಣ ಅಷ್ಟೇ, ಸೇರುವ ಖಾತೆ ಬೇರೆ.

ಮೊತ್ತವೆಲ್ಲ ಸರಿಹೊಂದಿದರೂ ಅಂಗಡಿಗೆ ತೆರಿಗೆ ವಸೂಲು ಮಾಡುವ ಹಕ್ಕಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಬಿಲ್ಲಿನ ನೆತ್ತಿಯ ಮೇಲಿನ 15 ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್. ಸ್ಕ್ರೀನ್‌ಶಾಟ್ ಕತ್ತರಿಸುವಾಗ ಹೆಚ್ಚಾಗಿ ಹಾರಿಹೋಗುವುದು ಈ ಭಾಗವೇ, ಆದ್ದರಿಂದ ಪೂರ್ತಿ ಬಿಲ್ಲನ್ನೇ ಕೇಳಿ ಪಡೆಯುವುದು ಲೇಸು. gst.gov.in ತಾಣದ Search Taxpayer ವಿಭಾಗದಲ್ಲಿ ಈ ನಂಬರ್ ಹಾಕಿದರೆ, ಲಾಗಿನ್ ಇಲ್ಲದೆಯೇ ಅಂಗಡಿಯ ಹೆಸರು, ನೋಂದಣಿಯ ಸ್ಥಿತಿ ಮತ್ತು ಬಗೆ ಕಾಣುತ್ತದೆ. ಸ್ಥಿತಿ Active, ಬಗೆ Regular ಎಂದಿದ್ದರೆ ಸರಿ. ಬಗೆ Composition ಎಂದಿದ್ದರೆ ಅದು ವಹಿವಾಟಿನ ಮೇಲೆ ತನ್ನ ಕೈಯಿಂದಲೇ ತೆರಿಗೆ ಕಟ್ಟುವ ಸಣ್ಣ ವ್ಯಾಪಾರ. ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ, ಬಿಲ್ಲಿನಲ್ಲಿ ಆ ಎರಡು ಸಾಲು ಇರಲೇಬಾರದು. ಇದ್ದರೆ, ಅಂಗಡಿಯವರು ಹಣ ಹಿಂತಿರುಗಿಸಲು ಒಪ್ಪದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.