ಕೈತಪ್ಪುವ ಆ ಎರಡು ನಿಮಿಷ

26 ವರ್ಷದ ಯುವತಿ. ‘ಆಗಾಗ ನಾನು ನಾನಾಗಿರಲ್ಲ ಡಾಕ್ಟ್ರೇ’ ಅಂತಾಳೆ. ಡಿಸೋಸಿಯೇಶನ್ ಅಂತ ಬರೆಯೋ ಮೊದಲು, ಜೊತೆಗೆ ಬಂದಿರೋ ಅಮ್ಮನನ್ನ ಕೇಳಿ.

‘ಹೊಟ್ಟೆಯಿಂದ ಏನೋ ಮೇಲೇರ್ತಿದೆ ಅಂತಾಳೆ. ಆಮೇಲೆ ಸುಮ್ಮನೆ ದಿಟ್ಟಿಸ್ತಾ ಬಾಯಿ ಚಪ್ಪರಿಸ್ತಾಳೆ, ವೇಲ್ ಹಿಸುಕ್ತಾಳೆ. ಒಂದೆರಡು ನಿಮಿಷ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತು ತಡವರಿಸುತ್ತೆ.’

ಪ್ರತಿ ಸಲವೂ ಅಚ್ಚು ಹಾಕಿದ ಹಾಗೆ ಹೀಗೇನಾ? ಹೌದು ಅಂದ್ರೆ ಟೆಂಪೊರಲ್ ಲೋಬ್ ಸೀಜರ್ ಕಡೆ ಯೋಚಿಸಿ. ಡಿಸೋಸಿಯೇಶನ್ ಸಾಮಾನ್ಯವಾಗಿ ಹೆಚ್ಚು ಹೊತ್ತು ಇರುತ್ತೆ, ಸಲಕ್ಕೊಂದು ರೂಪ ತಾಳುತ್ತೆ, ಹಳೇ ನೋವು ಕೆದಕಿದಾಗ ಬರುತ್ತೆ. ಭಯ ಎರಡರಲ್ಲೂ ಇರುತ್ತೆ, ಅದೊಂದನ್ನೇ ನಂಬಬೇಡಿ.

ಇಇಜಿ ನಾರ್ಮಲ್ ಬಂತಾ? ಸೀಜರ್ ಇಲ್ಲ ಅಂತ ಅರ್ಥವಲ್ಲ. ನಿದ್ದೆಯಲ್ಲಿ ಇನ್ನೊಮ್ಮೆ ಮಾಡಿಸಿ. ಮುಂದಿನ ಸಲ ಮೊಬೈಲಲ್ಲಿ ವಿಡಿಯೊ ತೆಗೆಯೋಕೆ ಅಮ್ಮನಿಗೆ ಹೇಳಿ.