ಬೆಕ್ಕು ಬಂದಾಗ ಮಾತ್ರ ಕ್ಲಿಕ್

ಹಿತ್ತಲಿಗೆ ತಿರುಗಿಸಿಟ್ಟ ಕ್ಯಾಮೆರಾ ದಿನವಿಡೀ ಚಿತ್ರ ತೆಗೆದರೂ ಹೆಚ್ಚಿನವು ಖಾಲಿ ಅಂಗಳದವೇ. ಬೆಕ್ಕು ಬಂದ ಗಳಿಗೆಯನ್ನಷ್ಟೇ ಉಳಿಸಿಕೊಳ್ಳುವುದು ಹೇಗೆ? ಲಿನಕ್ಸ್‌ನ ಉಚಿತ ತಂತ್ರಾಂಶ ‘ಮೋಷನ್’ ಇದಕ್ಕೆ ಶಾಲೆಯ ಕಳೆಯುವ ಲೆಕ್ಕವನ್ನೇ ನೆಚ್ಚಿಕೊಂಡಿದೆ.

640×480 ಗಾತ್ರದ ಚಿತ್ರದಲ್ಲಿ 3,07,200 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಯ ಬೆಳಕಿಗೆ 0ಯಿಂದ 255ರವರೆಗಿನ ಒಂದು ಅಂಕಿ. ಹಿಂದಿನ ಚಿತ್ರಗಳಿಂದ ಕಟ್ಟಿಕೊಂಡ ಮಾದರಿಗೂ ಹೊಸ ಚಿತ್ರಕ್ಕೂ ಒಂದು ಚುಕ್ಕೆಯಲ್ಲಿ 32ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಬದಲಾದ ಚುಕ್ಕೆ. ಅದಕ್ಕಿಂತ ಕಡಿಮೆಯಿದ್ದರೆ ಸೆನ್ಸರ್‌ನ ಸಹಜ ಮಿನುಗು ಎಂದು ಬಿಟ್ಟುಬಿಡುತ್ತದೆ. ಆರಂಭದ ಹೊಂದಿಕೆಯಲ್ಲಿ ಇಂಥ ಚುಕ್ಕೆಗಳು 1,500 ದಾಟಿದರೆ ಮಾತ್ರ ಚಿತ್ರ ಉಳಿಯುತ್ತದೆ. 60 ಚುಕ್ಕೆ ಅಗಲ, 40 ಚುಕ್ಕೆ ಎತ್ತರದಷ್ಟು ಜಾಗ ಹಿಡಿಯುವ ಬೆಕ್ಕು ಸುಮಾರು 2,400 ಚುಕ್ಕೆಗಳನ್ನು ಬದಲಿಸಿ ಸಿಕ್ಕಿಬೀಳುತ್ತದೆ. ದೂರದ ಚಿಟ್ಟೆ ತಪ್ಪಿಸಿಕೊಳ್ಳುತ್ತದೆ.

ನಿಜವಾದ ತೊಂದರೆ ಬೆಳಕಿನದು.

ದೀಪ ಹತ್ತಿದರೆ ಇಡೀ ಚಿತ್ರವೇ ಬದಲಾಗುತ್ತದೆ. ಹೀಗೆ ಒಮ್ಮೆಗೇ ಬಹುಪಾಲು ಬದಲಾದದ್ದನ್ನು ಕೈಬಿಡಲು `lightswitch_percent` ಎಂಬ ಆಯ್ಕೆಯಿದೆ. ಗಾಳಿಗೆ ತೂಗುವ ಬಾಳೆಲೆಗೆ ಅದು ಸಾಲದು. ಉಳಿದ ಚಿತ್ರಗಳಲ್ಲಿ ಎಲೆಯೇ ತುಂಬಿದ್ದರೆ, ಆ ಜಾಗವನ್ನು ಕಪ್ಪಾಗಿಸಿದ ಚಿತ್ರವೊಂದನ್ನು `mask_file` ಆಗಿ ಕೊಡಿ. ಕಪ್ಪು ಭಾಗದ ಚಲನೆಯನ್ನು ಮೋಷನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.