ನಾಲ್ಕು ಹಾಳೆ ನಡವಳಿ, ಒಂದೂ ಪೂರ್ಣವಿರಾಮ ಇಲ್ಲ!

ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಟೈಪಿಂಗ್ ಅಂಗಡಿಗೆ ಮೊನ್ನೆ ಅಂಗಡಿಕಾರರ ಪತ್ತಿನ ಸಂಘವೊಂದರ ಕಾರ್ಯದರ್ಶಿಗಳು ಬೆವರು ಒರೆಸಿಕೊಳ್ಳುತ್ತಾ ಬಂದರು. ಕೈಯಲ್ಲಿ ನಾಲ್ಕು ಹಾಳೆ, ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಹಳೇ ಕಾರ್ಯದರ್ಶಿಯ ಸಹಿ ತೆಗೆದು ಹೊಸಬರ ಸಹಿ ಸೇರಿಸಲು ಠರಾವಿನ ನಕಲು ಕೊಡಿ ಎಂದು ಬ್ಯಾಂಕಿನವರು ಕೇಳಿದ್ದರು. ಇವರು ನಡವಳಿಯ ನಾಲ್ಕೂ ಹಾಳೆ ಜೆರಾಕ್ಸ್ ಮಾಡಿಸಿ ಕೊಟ್ಟರು. ಕೌಂಟರಿನವರು ಎರಡು ಸಲ ತಿರುವಿ ನೋಡಿ, "ಇದರಲ್ಲಿ ಠರಾವು ಎಲ್ಲಿದೆ ಸ್ವಾಮಿ?" ಅಂದರಂತೆ. ಕಾರ್ಯದರ್ಶಿಗಳೂ ಹುಡುಕಿದರು. ಸಿಕ್ಕಲಿಲ್ಲ. ಅಷ್ಟು ಹೊತ್ತಿಗೆ ಬ್ಯಾಂಕಿನ ಊಟದ ವೇಳೆ.

ಸಹಿ ಬದಲಾಗದೆ ಚೆಕ್ ಹೊರಡುವ ಹಾಗಿಲ್ಲ. ಚೆಕ್ ಹೊರಡದಿದ್ದರೆ ಸಾಲ ಮಂಜೂರಾದ ಸದಸ್ಯರು ಅಂಗಡಿ ಬಾಗಿಲಿಗೆ ಬಂದು ಕೂರುತ್ತಾರೆ. ಆಗಲೇ ಇಬ್ಬರು ಬಂದು ಕೂತಿದ್ದರಂತೆ.

ಆ ಹಾಳೆ ನಾನೂ ನೋಡಿದೆ. ಸಭೆಯಲ್ಲಿ ಯಾರು ಏನು ಮಾತಾಡಿದರೋ ಅದನ್ನೆಲ್ಲ ಒಂದೇ ಉಸಿರಿಗೆ ಹೊಡೆದಿದ್ದಾರೆ. ಪ್ಯಾರಾ ಇಲ್ಲ, ಸಂಖ್ಯೆ ಇಲ್ಲ, ಎಲ್ಲಾ 'ನಂತರ', 'ಆಗಿ', 'ಎಂದು'. ಸದಸ್ಯರ ಹೆಸರು ನಮಗೆ ಬೇಡ, ಅಂಗಡಿಯಿಂದಲೇ ಕರೆಯೋಣ. ಒಂದು ತುಣುಕು ಹೀಗಿತ್ತು:

"ನಂತರ ಬಟ್ಟೆ ಅಂಗಡಿಯವರು ಬ್ಯಾಂಕ್ ಖಾತೆಗೆ ಹೊಸ ಕಾರ್ಯದರ್ಶಿಗಳ ಸಹಿ ಸೇರಿಸಲು ಸೂಚಿಸಿ ಔಷಧಿ ಅಂಗಡಿಯವರು ಅನುಮೋದಿಸಿ ಎಲ್ಲರೂ ಒಪ್ಪಿ ಕಚೇರಿ ಸೋರುತ್ತಿರುವ ಬಗ್ಗೆ ಮಾತು ಬಂದು ಶೀಟು ಹಾಕಿಸಲು 40,000 ರೂಪಾಯಿ ಮೀರದಂತೆ ಖರ್ಚು ಮಾಡಲು ಕಿರಾಣಿಯವರು ಸೂಚಿಸಿ ಸೈಕಲ್ ಶಾಪಿನವರು 30,000 ಸಾಕೆಂದು ತಿದ್ದುಪಡಿ ಹೇಳಿ ಸಭೆ ಒಪ್ಪಿ ಕಂಪ್ಯೂಟರ್ ಕೊಳ್ಳುವ ಬಗ್ಗೆ ನೋಡೋಣ ಎಂದಾಗಿ ನಂತರ ಕಾಫಿ"

ಕಾಫಿ ಕೂಡ ನಡವಳಿಗೆ ಸೇರಿದೆ, ನೋಡಿ.

ಟೈಪಿಂಗ್ ಅಂಗಡಿಯ ಅಮ್ಮನವರು ಈ ಕೆಲಸದಲ್ಲಿ ನುರಿತವರು. ಕಾರ್ಯದರ್ಶಿಗಳು "ಅಮ್ಮಾ, ಒಂದು ಟೇಬಲ್ ಮಾಡಿ, ನಂಬರ್ ಹಾಕಿ ಕೊಟ್ಟುಬಿಡಿ" ಅಂದಾಗ ಆಕೆ ಮೊದಲು ಕೇಳಿದ್ದು ಒಂದೇ: "ಇದಕ್ಕೆ ಅಧ್ಯಕ್ಷರ ಸಹಿ ಬಿದ್ದಿದೆಯಾ ಸಾರ್?" ಬಿದ್ದಿದೆ. "ಹಾಗಾದರೆ ಇದನ್ನ ಮುಟ್ಟೋ ಹಾಗಿಲ್ಲ. ನಾನು ಮಾಡಿಕೊಡೋದು ನೋಡಿಕೊಳ್ಳೋಕೆ ಒಂದು ಪಟ್ಟಿ. ನಿಮ್ಮ ನಡವಳಿ ಇದೇ ನಾಲ್ಕು ಹಾಳೆ."

ಈ ಮಾತು ಬಹಳ ಜನಕ್ಕೆ ತಿಳಿಯದು. ಚೆಂದಾಗಿ ಟೈಪಾದ ಹೊಸ ಹಾಳೆಯನ್ನು ಪುಸ್ತಕಕ್ಕೆ ಅಂಟಿಸಿ, ಹಳೆಯದನ್ನು ಹರಿದು ಹಾಕಿ, ಆಮೇಲೆ ಲೆಕ್ಕ ತನಿಖೆಯವರ ಮುಂದೆ ತಲೆ ತಗ್ಗಿಸಿ ನಿಲ್ಲುವವರು ಇದ್ದಾರೆ.

ಆಮೇಲೆ ಕೆಲಸ. ಫೈಲಿನ ನಕಲು ತೆಗೆದು, ಮೂಲವನ್ನು ಪಕ್ಕಕ್ಕಿಟ್ಟರು. ವರ್ಡ್‌ನಲ್ಲಿ ಹುಡುಕಿ ಬದಲಿಸುವ ಕಿಟಕಿ ತೆರೆದು, ಹುಡುಕುವ ಜಾಗದಲ್ಲಿ 'ಒಪ್ಪಿ' ಎಂದೂ ಬದಲಿಸುವ ಜಾಗದಲ್ಲಿ ಇದನ್ನೂ ಹೊಡೆದರು:

```
^&^p
```

ಸಿಕ್ಕಿದ ಪದವನ್ನು ಹಾಗೇ ಇಟ್ಟು, ಅದರ ಮುಂದೆ ಹೊಸ ಸಾಲಿಗೆ ಹೋಗು ಎಂದು ಇದರ ಅರ್ಥ. ಒಂದು ಹೊಡೆತಕ್ಕೆ ಉದ್ದನೆಯ ಹಾವು ತುಂಡುತುಂಡಾಗಿ ಬಿತ್ತು. ಎಲ್ಲ ತುಂಡೂ ಸರಿಯಾಗಿ ಬೀಳುವುದಿಲ್ಲ. 'ಒಪ್ಪಿಗೆ ಪತ್ರ' ಎನ್ನುವ ಮಾತೂ ನಡುವೆ ಎರಡಾಯಿತು. ಅದನ್ನು ಕೈಯಿಂದಲೇ ಜೋಡಿಸಿದರು. ಫೈಲು ಹಳೇ ನುಡಿ ಅಕ್ಷರದಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಹೀಗೆ ಹುಡುಕುವುದು ಕಷ್ಟ ಎಂದರು.

ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದು ತಲೆಯ ಕೆಲಸ. ಕೋಷ್ಟಕಕ್ಕೆ ಆರು ಕಾಲಂ: ಠರಾವು ಸಂಖ್ಯೆ, ವಿಷಯ, ತೀರ್ಮಾನ, ಸೂಚಕರು, ಅನುಮೋದಕರು, ಕೊನೆಗೆ ಮೂಲದ ಪುಟ ಮತ್ತು ಸಾಲು. ಕೊನೆಯ ಕಾಲಂ ಯಾಕೆ ಅಂತ ಕಾರ್ಯದರ್ಶಿಗಳು ಗೊಣಗಿದರು. ನಾಳೆ ಬ್ಯಾಂಕಿಗೆ ನಕಲು ಕೊಡುವಾಗ ಮೂಲದಲ್ಲಿ ಎಲ್ಲಿದೆ ಅಂತ ತೋರಿಸೋದು ಅದೇ, ಅಂದರು ಅಮ್ಮನವರು.

ಸಹಿಯ ಠರಾವು ಸಲೀಸು. ಬಟ್ಟೆ ಅಂಗಡಿ ಸೂಚಕರು, ಔಷಧಿ ಅಂಗಡಿ ಅನುಮೋದಕರು, ಸಭೆ ಒಪ್ಪಿದೆ. ಆದರೆ ಅದರಲ್ಲೂ ಒಂದು ಕೊರತೆ ಸಿಕ್ಕಿತು: ಹಳೇ ಕಾರ್ಯದರ್ಶಿಯ ಸಹಿ ತೆಗೆಯಬೇಕು ಎಂದು ನಡವಳಿಯಲ್ಲಿ ಎಲ್ಲೂ ಇಲ್ಲ, ಹೊಸಬರದು ಸೇರಿಸಬೇಕು ಎಂದಷ್ಟೇ ಇದೆ! "ಒಂದು ಪದ ಸೇರಿಸಿಬಿಡಿ" ಅಂದರು ಕಾರ್ಯದರ್ಶಿಗಳು. ಅಮ್ಮನವರು ತಲೆ ಅಲ್ಲಾಡಿಸಿದರು. ಇದ್ದದ್ದು ಇದ್ದ ಹಾಗೆ ಟೈಪಾಯಿತು.

ಶೀಟಿನ ಠರಾವು ಹೊತ್ತು ತಿಂದಿತು. ತೀರ್ಮಾನದ ಕಾಲಂನಲ್ಲಿ 40,000ವೋ 30,000ವೋ? ಸಭೆ ಒಪ್ಪಿದ್ದು ತಿದ್ದುಪಡಿಯ ನಂತರ. ಆದ್ದರಿಂದ 30,000. ಹಾಗಾದರೆ ಸೂಚಕರು ಸೈಕಲ್ ಶಾಪಿನವರೇ? ಅಲ್ಲ. ಠರಾವು ತಂದವರು ಕಿರಾಣಿಯವರು, ಸೈಕಲ್ ಶಾಪಿನವರು ತಿದ್ದುಪಡಿ ತಂದವರು. ಸೂಚಕರ ಕಾಲಂಗೆ ಕಿರಾಣಿ ಹೋಯಿತು. ತೀರ್ಮಾನದ ಕೆಳಗೆ 'ತಿದ್ದುಪಡಿ: ಸೈಕಲ್ ಶಾಪ್' ಎಂದು ಬಂತು. ಅನುಮೋದಕರು? ನಡವಳಿಯಲ್ಲಿ ಯಾರ ಹೆಸರೂ ಇಲ್ಲ.

"ನಮ್ಮ ಹೋಟೆಲ್‌ನವರು ಯಾವಾಗಲೂ ಅನುಮೋದಿಸ್ತಾರೆ, ಅವರದೇ ಹಾಕಿ" ಎಂದು ಸಲಹೆ ಬಂತು. ಇಲ್ಲಿಯೇ ಎಡವುವುದು. ಆ ಹೋಟೆಲ್‌ನವರು ಅಂದು ಸಭೆಗೇ ಬಂದಿರಲಿಲ್ಲ! ಹಾಜರಿ ಸಹಿ ನೋಡಿದಾಗ ಗೊತ್ತಾಯಿತು. ಖಾಲಿ ಬಿಟ್ಟರೆ ಯಾರಾದರೂ ಆಮೇಲೆ ತುಂಬಿಯಾರು ಎಂದು, ಆ ಜಾಗದಲ್ಲಿ 'ನಡವಳಿಯಲ್ಲಿ ದಾಖಲಾಗಿಲ್ಲ' ಎಂದೇ ಹೊಡೆದರು. ಸಭೆಯೇ ಒಪ್ಪಿದ ಮೇಲೆ ಅನುಮೋದಕರ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಠರಾವು ಬಿದ್ದುಹೋಗದು ಎಂಬುದು ಸಭೆ ನಡೆಸಿ ಪಳಗಿದವರ ವಾಡಿಕೆ. ಬೈಲಾದಲ್ಲಿ ಅನುಮೋದಕರು ಇರಲೇಬೇಕೆಂದು ಬರೆದಿದ್ದರೆ ಮಾತು ಬೇರೆ.

ಇನ್ನು ಕಂಪ್ಯೂಟರ್. 'ನೋಡೋಣ' ಎಂದರೆ ತೀರ್ಮಾನವೇ? ಸಂಖ್ಯೆ ಕೊಟ್ಟುಬಿಟ್ಟರೆ ನಾಳೆ ಯಾರೋ ಅದನ್ನೇ ಹಿಡಿದು ಕಂಪ್ಯೂಟರ್ ತಂದು ಬಿಲ್ಲು ಮುಂದಿಡುತ್ತಾರೆ. ಅದು ಸಂಖ್ಯೆಯಿಲ್ಲದೆ ಕೆಳಗೆ 'ಚರ್ಚೆ ಮಾತ್ರ' ಎಂಬ ತಲೆಬರಹದಡಿ ಹೋಯಿತು. ಕಾಫಿಯೂ ಅಲ್ಲೇ.

ಸಂಖ್ಯೆಯನ್ನು ಕಂಪ್ಯೂಟರ್ ತಾನೇ ಹಾಕಿಕೊಳ್ಳುವಂತೆ ಬಿಡಲಿಲ್ಲ, ಕೈಯಿಂದ ಹೊಡೆದರು. ತಾನೇ ಹಾಕುವ ಸಂಖ್ಯೆಯಾದರೆ ಮೇಲೆ ಒಂದು ಸಾಲು ಸೇರಿಸಿದ ಕೂಡಲೇ 4 ಇದ್ದದ್ದು 5 ಆಗುತ್ತದೆ. ಅಷ್ಟರಲ್ಲಿ ನಾಲ್ಕನೇ ಠರಾವು ಎಂದು ಬ್ಯಾಂಕಿಗೆ ಕೊಟ್ಟ ನಕಲು ಅಲ್ಲಿ ಕೂತಿರುತ್ತದೆ.

ಕಡೆಗೆ ಪರೀಕ್ಷೆ. ಇದು ನನಗೆ ಬಹಳ ಹಿಡಿಸಿತು. ಆಕೆ ಕೋಷ್ಟಕದ ಒಂದೊಂದು ಸಾಲು ಓದುತ್ತಾ ಹೋದರು. ಕಾರ್ಯದರ್ಶಿಗಳು ಮೂಲದ ಜೆರಾಕ್ಸ್ ಮೇಲೆ ಆ ಮಾತನ್ನು ಪೆನ್ಸಿಲಿನಿಂದ ಹೊಡೆಯುತ್ತಾ ಬಂದರು. ಮುಗಿದಾಗ ಹೊಡೆಯದೆ ಉಳಿದದ್ದೇ ಬಿಟ್ಟುಹೋದದ್ದು. ಮೂರನೇ ಹಾಳೆಯ ಕೆಳಗೆ ಒಂದೂವರೆ ಸಾಲು ಉಳಿದಿತ್ತು: ಹೊಸ ಸದಸ್ಯರೊಬ್ಬರ ಅರ್ಜಿ ಮಂಜೂರು. ಸೂಚಕರು, ಅನುಮೋದಕರು ಇಬ್ಬರೂ ಇದ್ದರು. ಪಾಪ, ಆ ಮನುಷ್ಯ ಇನ್ನೂ ಷೇರು ಹಣ ಕಟ್ಟಲು ಕರೆ ಬಂದೀತೆಂದು ಕಾಯುತ್ತಿದ್ದರಂತೆ.

ಮಧ್ಯಾಹ್ನ ಮೂರೂವರೆಗೆ ಕಾರ್ಯದರ್ಶಿಗಳು ಮತ್ತೆ ಬ್ಯಾಂಕಿಗೆ ಹೋದರು. ಒಂದು ಹಾಳೆಯಲ್ಲಿ ಠರಾವಿನ ಮಾತು ಮೂಲದಲ್ಲಿದ್ದಂತೆಯೇ, ಸಭೆಯ ತಾರೀಖು, ಪುಟ, ಅಧ್ಯಕ್ಷರ ಸಹಿ, ಮೊಹರು. ಸಹಿ ಸೇರಿಸುವುದನ್ನು ಕೌಂಟರಿನವರು ಒಪ್ಪಿದರು. ಹಳಬರದನ್ನು ತೆಗೆಯಲು ಬೇರೆ ಠರಾವು ತನ್ನಿ ಅಂದರು. ಅದಕ್ಕೆ ಮುಂದಿನ ಸೋಮವಾರ ಆಡಳಿತ ಮಂಡಳಿ ಸಭೆ ಕರೆದಿದ್ದಾರೆ. ಆರು ಕಾಲಂನ ಖಾಲಿ ಕೋಷ್ಟಕ ಹತ್ತು ಪ್ರತಿ ತೆಗೆಸಿಕೊಂಡು ಹೋದರು, ಪ್ರತಿಗೆ ಎರಡು ರೂಪಾಯಿ ಹೆಚ್ಚಾಯಿತು ಎಂದು ಚೌಕಾಸಿ ಮಾಡುತ್ತಲೇ.